ಋಣ ಸಂಖ್ಯೆಯ ಎಂಟು ಬಿಟ್ ಎರಡರ ಪೂರಕ: ಕೈಲೆಕ್ಕವನ್ನು ಪರೀಕ್ಷಿಸುವ ಕ್ರಮ

ಋಣ ದಶಮಾನ ಸಂಖ್ಯೆಯೊಂದನ್ನು ಎಂಟು ಬಿಟ್‌ಗಳ ಎರಡರ ಪೂರಕಕ್ಕೆ, ಅಂದರೆ ತರಗತಿಗಳಲ್ಲಿ ಟೂಸ್ ಕಾಂಪ್ಲಿಮೆಂಟ್ ಎಂದು ಕರೆಯುವ ರೂಪಕ್ಕೆ, ಕೈಯಲ್ಲಿ ಪರಿವರ್ತಿಸುವ ಲೆಕ್ಕ ಅರ್ಧ ಪುಟವನ್ನೂ ತುಂಬುವುದಿಲ್ಲ. ಆದರೆ ಬಂದ ಉತ್ತರ ಸರಿಯೋ ತಪ್ಪೋ ಎಂಬುದು ಅದನ್ನು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ದಶಮಾನ ಪದ್ಧತಿಯಲ್ಲಿ 76 ಬರೆಯಬೇಕಾದಲ್ಲಿ 760 ಎಂದು ಬರೆದಿದ್ದರೆ ಕಣ್ಣು ಕೂಡಲೇ ತಡೆಯುತ್ತದೆ. 10110100 ಬರೆಯಬೇಕಾದಲ್ಲಿ 10110010 ಎಂದು ಬರೆದಿದ್ದರೆ ಅದೇ ಕಣ್ಣು ಸುಮ್ಮನೆ ಮುಂದೆ ಸಾಗುತ್ತದೆ. ಆದ್ದರಿಂದಲೇ ಹೆಚ್ಚಿನವರು ಪರೀಕ್ಷೆ ಎಂದರೆ ಅದೇ ಹಂತಗಳನ್ನು ಇನ್ನೊಮ್ಮೆ ಮಾಡಿ ನೋಡುವುದು ಎಂದು ಭಾವಿಸುತ್ತಾರೆ. ಮೊದಲ ಸಲ ಎಡವಿದ ಕಡೆಯಲ್ಲೇ ಎರಡನೆಯ ಸಲವೂ ಎಡವುವುದು ಸಾಮಾನ್ಯವಾದುದರಿಂದ ಅಂಥ ಪುನರಾವರ್ತನೆಯಿಂದ ಸಿಗುವ ಭರವಸೆ ಬಹಳ ಕಡಿಮೆ. ಲೆಕ್ಕ ಹೋದ ದಾರಿಯನ್ನು ಬಿಟ್ಟು ಬೇರೊಂದು ದಾರಿಯಲ್ಲಿ, ಅದೂ ಮೂಲ ದಶಮಾನ ಸಂಖ್ಯೆಯವರೆಗೆ ಹಿಂತಿರುಗುವ ಪರೀಕ್ಷೆ ಮಾತ್ರ ನಿಜವಾದ ಪರೀಕ್ಷೆ. ಅದನ್ನು ಮಾಡುವ ಕ್ರಮವನ್ನು -76 ಎಂಬ ಒಂದೇ ಸಂಖ್ಯೆಯನ್ನು ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಪರೀಕ್ಷೆಗೆ ಒಳಪಡುವ ಲೆಕ್ಕ

ಮೊದಲು ಲೆಕ್ಕವನ್ನು ಪೂರ್ತಿಯಾಗಿ ಕಾಗದದ ಮೇಲೆ ಇಡೋಣ. ಚಿಹ್ನೆಯನ್ನು ಬದಿಗಿಟ್ಟು 76 ಅನ್ನು ಎರಡರಿಂದ ಭಾಗಿಸುತ್ತಾ ಹೋದರೆ ಭಾಗಲಬ್ಧಗಳು 38, 19, 9, 4, 2, 1, 0 ಎಂದು ಇಳಿಯುತ್ತವೆ. ಶೇಷಗಳು ಕ್ರಮವಾಗಿ 0, 0, 1, 1, 0, 0, 1 ಎಂದು ಬರುತ್ತವೆ. ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದಾಗ 1001100 ದೊರೆಯುತ್ತದೆ. ಇದರಲ್ಲಿ ಏಳೇ ಅಂಕಿಗಳಿರುವುದರಿಂದ ಎಡಬದಿಗೆ ಒಂದು ಸೊನ್ನೆ ಸೇರಿಸಿ ಎಂಟು ಬಿಟ್ ಮಾಡಿಕೊಳ್ಳಬೇಕು. ಅನಂತರ ಪ್ರತಿ ಬಿಟ್ ಅನ್ನು ತಿರುವಿಹಾಕಿ, ಅಂದರೆ 0 ಇದ್ದಲ್ಲಿ 1, 1 ಇದ್ದಲ್ಲಿ 0 ಬರೆದು, ಕೊನೆಗೆ ಒಂದನ್ನು ಕೂಡಿಸಬೇಕು.

```
 76            01001100
ತಿರುವಿದಾಗ      10110011
1 ಕೂಡಿಸಿದಾಗ    10110100
```

ಉತ್ತರ 10110100. ಹೆಕ್ಸಾಡೆಸಿಮಲ್‌ನಲ್ಲಿ ಬರೆದರೆ B4. ಈ ಉತ್ತರ ಸರಿಯಾಗಿದೆ ಎಂದು ಈಗಲೇ ಹೇಳಿಬಿಡುತ್ತೇನೆ. ಮುಂದೆ ಇದೇ ಲೆಕ್ಕವನ್ನು ಬೇಕೆಂದೇ ಬೇರೆ ಬೇರೆ ಕಡೆ ಕೆಡಿಸಿ, ಯಾವ ಪರೀಕ್ಷೆ ಯಾವ ತಪ್ಪನ್ನು ಹಿಡಿಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂಬುದನ್ನು ನೋಡಲಿದ್ದೇವೆ.

ಲೇಖನಿ ಎತ್ತುವ ಮೊದಲು

ಎಂಟು ಬಿಟ್‌ಗಳ ಎರಡರ ಪೂರಕದಲ್ಲಿ -128ರಿಂದ 127ರವರೆಗಿನ ಸಂಖ್ಯೆಗಳಿಗೆ ಮಾತ್ರ ಸ್ಥಳವಿದೆ. ಕೊಟ್ಟಿರುವ ಸಂಖ್ಯೆ ಈ ಮಿತಿಯೊಳಗೆ ಇದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಅದನ್ನು ದಶಮಾನದಲ್ಲಿಯೇ, ಪ್ರಶ್ನೆಯನ್ನು ಓದುವಾಗಲೇ ಮುಗಿಸಿಕೊಳ್ಳಬೇಕು. ಬೈನರಿಗೆ ಹೋದ ಮೇಲೆ ಮಿತಿ ಮೀರಿದ್ದು ಯಾವಾಗಲೂ ಗೊತ್ತಾಗುತ್ತದೆ ಎಂಬ ಖಾತ್ರಿಯಿಲ್ಲ. ಅದು ಏಕೆ ಎಂಬುದನ್ನು ಕೊನೆಯ ಭಾಗದಲ್ಲಿ ಉದಾಹರಣೆಯೊಂದಿಗೆ ತೋರಿಸುತ್ತೇನೆ. -76 ಈ ಮಿತಿಯೊಳಗೆ ನೆಮ್ಮದಿಯಾಗಿ ಕುಳಿತಿದೆ.

ಒಂದು ನೋಟದಲ್ಲಿ ಮುಗಿಯುವ ಎರಡು ಪರೀಕ್ಷೆಗಳು

ಉತ್ತರದ ಎರಡು ತುದಿಗಳನ್ನು ಮೊದಲು ನೋಡಬೇಕು. ಎಡತುದಿಯ ಬಿಟ್ 1 ಆಗಿರಲೇಬೇಕು, ಏಕೆಂದರೆ ಋಣ ಸಂಖ್ಯೆಗಳೆಲ್ಲವೂ ಈ ಪದ್ಧತಿಯಲ್ಲಿ 1ರಿಂದಲೇ ಆರಂಭವಾಗುತ್ತವೆ. ಅಲ್ಲಿ 0 ಇದ್ದರೆ ಉಳಿದ ಏಳು ಬಿಟ್‌ಗಳನ್ನು ನೋಡುವ ಅಗತ್ಯವೇ ಇಲ್ಲ. ಲೆಕ್ಕ ಎಲ್ಲಿಯೋ ತಪ್ಪಿದೆ.

ಬಲತುದಿಯ ಪರೀಕ್ಷೆ ಅಷ್ಟು ಪ್ರಸಿದ್ಧವಲ್ಲ, ಆದರೆ ನನಗೆ ಹೆಚ್ಚು ಇಷ್ಟವಾದುದು ಇದು. ಒಂದು ಸಂಖ್ಯೆಯ ಬಲತುದಿಯಿಂದ ಎಡಕ್ಕೆ ಬರುತ್ತಾ ಮೊದಲ 1 ಸಿಗುವವರೆಗಿನ ಭಾಗ, ಆ 1ನ್ನೂ ಸೇರಿಸಿ, ಸಂಖ್ಯೆಯಲ್ಲಿಯೂ ಅದರ ಎರಡರ ಪೂರಕದಲ್ಲಿಯೂ ಒಂದೇ ಆಗಿರುತ್ತದೆ. 01001100 ಎಂಬುದರ ಬಾಲ 100. ತಿರುವಿಹಾಕಿದಾಗ ಈ ಬಾಲ 011 ಆಗುತ್ತದೆ. ಒಂದನ್ನು ಕೂಡಿಸಿದಾಗ ಬಂದ ಕ್ಯಾರಿ ಆ ಎರಡು 1ಗಳನ್ನು ಸೊನ್ನೆ ಮಾಡಿ, 0 ಇದ್ದಲ್ಲಿಗೆ ಬಂದು ನೆಲೆಸುತ್ತದೆ. ಹೀಗೆ 100 ಎಂಬ ಬಾಲ ಮರಳಿ ಬರುತ್ತದೆ. ಕ್ಯಾರಿ ಅದಕ್ಕಿಂತ ಎಡಕ್ಕೆ ಹೋಗದಿರುವುದರಿಂದ ಉಳಿದ ಬಿಟ್‌ಗಳು ತಿರುವಿದ ಸ್ಥಿತಿಯಲ್ಲಿಯೇ ಉಳಿಯುತ್ತವೆ. ಬೈನರಿಯನ್ನು ನೋಡದೆಯೂ ಈ ಬಾಲವನ್ನು ಊಹಿಸಬಹುದು ಎಂಬುದು ಇದರ ಬೆಲೆಯನ್ನು ಹೆಚ್ಚಿಸುತ್ತದೆ: 76 ನಾಲ್ಕರಿಂದ ಭಾಗವಾಗುತ್ತದೆ, ಎಂಟರಿಂದ ಆಗುವುದಿಲ್ಲ, ಆದ್ದರಿಂದ ಉತ್ತರದ ಕೊನೆಯಲ್ಲಿ ಎರಡೇ ಸೊನ್ನೆಗಳು, ಅವುಗಳ ಎಡಕ್ಕೆ 1 ಇರಬೇಕು. ಒಂದನ್ನು ಕೂಡಿಸಲು ಮರೆತು 10110011 ಎಂದು ಬಿಟ್ಟಿದ್ದರೆ ಬಾಲದಲ್ಲಿ 11 ಕಾಣಿಸುತ್ತದೆ. ಸಮಸಂಖ್ಯೆಯ ಪೂರಕ ಬೆಸವಾಗಿ ಕೊನೆಗೊಳ್ಳುವಂತಿಲ್ಲವಾದುದರಿಂದ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಈ ಎರಡೂ ನೋಟಗಳು ತುದಿಗಳನ್ನು ಮಾತ್ರ ಕಾಯುತ್ತವೆ. ಮಧ್ಯದ ಬಿಟ್ ಒಂದನ್ನು ತಿರುವಿಹಾಕಲು ಮರೆತಿದ್ದರೆ ಇವು ಏನನ್ನೂ ಹೇಳುವುದಿಲ್ಲ.

ಮುಖ್ಯ ಪರೀಕ್ಷೆ: ಸ್ಥಾನಬೆಲೆಯಿಂದ ಹಿಂತಿರುಗುವುದು

ಉತ್ತರದ ಎಂಟು ಬಿಟ್‌ಗಳ ಮೇಲೆ ಅವುಗಳ ಸ್ಥಾನಬೆಲೆಗಳನ್ನು ಬರೆಯಿರಿ. ಬಲದಿಂದ ಎಡಕ್ಕೆ 1, 2, 4, 8, 16, 32, 64 ಎಂದು ಬರೆದು, ಎಡತುದಿಯ ಬಿಟ್‌ನ ಮೇಲೆ ಮಾತ್ರ 128 ಎನ್ನುವ ಬದಲು -128 ಎಂದು ಬರೆಯಬೇಕು. 1 ಇರುವ ಸ್ಥಾನಗಳ ಬೆಲೆಗಳನ್ನು ಕೂಡಿಸಿದರೆ ಮೂಲ ಸಂಖ್ಯೆಯೇ ಬರಬೇಕು.

```
-128  64  32  16   8   4   2   1
   1   0   1   1   0   1   0   0

-128 + 32 + 16 + 4 = -76
```

ಎಡತುದಿಯ ಬೆಲೆ ಋಣವಾಗುವುದಕ್ಕೆ ಕಾರಣ ಸರಳವಾಗಿದೆ. ಒಂದು ಬಿಟ್ ಅನ್ನು ತಿರುವಿಹಾಕುವುದು ಎಂದರೆ ಅದನ್ನು 1ರಿಂದ ಕಳೆಯುವುದು; ಎಂಟೂ ಬಿಟ್‌ಗಳನ್ನು ತಿರುವಿಹಾಕುವುದು ಎಂದರೆ ಇಡೀ ಸಂಖ್ಯೆಯನ್ನು 11111111ರಿಂದ, ಅಂದರೆ 255ರಿಂದ ಕಳೆಯುವುದು. ಅದಕ್ಕೆ ಒಂದನ್ನು ಕೂಡಿಸಿದಾಗ 256ರಿಂದ ಕಳೆದಂತಾಯಿತು. ಹೀಗಾಗಿ -76 ಎಂಬುದನ್ನು ನಾವು ವಾಸ್ತವವಾಗಿ 256 - 76, ಅಂದರೆ 180 ಎಂಬ ಬಿಟ್ ವಿನ್ಯಾಸದಲ್ಲಿ ಬರೆದಿದ್ದೇವೆ. ಓದುವಾಗ ಆ 256ನ್ನು ಮರಳಿ ಕಳೆಯಬೇಕು, ಮತ್ತು 128ರಿಂದ 256 ಕಳೆದರೆ ಉಳಿಯುವುದು -128. ಕಳೆಯಬೇಕಾದ 256 ಎಡತುದಿಯ ಬೆಲೆಯೊಳಗೇ ಸೇರಿಕೊಂಡಿದೆ ಎಂದು ತಿಳಿದರೆ ಸಾಕು.

ಈ ಪರೀಕ್ಷೆಯಲ್ಲಿ ಭಾಗಾಕಾರವಿಲ್ಲ, ತಿರುವಿಹಾಕುವ ಹಂತವಿಲ್ಲ, ಒಂದನ್ನು ಕೂಡಿಸುವ ಕೆಲಸವೂ ಇಲ್ಲ. ಲೆಕ್ಕದಲ್ಲಿ ಬಳಸಿದ ಯಾವ ಹಂತವನ್ನೂ ಇದು ಬಳಸುವುದಿಲ್ಲವಾದ್ದರಿಂದ ಲೆಕ್ಕದ ತಪ್ಪು ಇದರೊಳಗೆ ನುಸುಳುವ ದಾರಿಯಿಲ್ಲ. ಸಮಯವಿರುವುದು ಒಂದೇ ಪರೀಕ್ಷೆಗೆ ಎಂದಾದರೆ ಇದನ್ನೇ ಮಾಡಬೇಕು.

ಸೊನ್ನೆಗೆ ಹತ್ತಿರದ ಋಣ ಸಂಖ್ಯೆಗಳಲ್ಲಿ 1ಗಳು ಬಹಳ ಇರುವುದರಿಂದ ಕೂಡಿಸುವುದು ಬೇಸರ ತರುತ್ತದೆ. -3ರ ರೂಪವಾದ 11111101ರಲ್ಲಿ ಏಳು ಬೆಲೆಗಳನ್ನು ಕೂಡಬೇಕಾಗುತ್ತದೆ. ಅಂಥ ಕಡೆ ಸೊನ್ನೆಗಳಿರುವ ಸ್ಥಾನಗಳ ಬೆಲೆಗಳನ್ನು ಕೂಡಿ, ಆ ಮೊತ್ತಕ್ಕೆ ಒಂದು ಸೇರಿಸಿ, ಋಣ ಚಿಹ್ನೆ ಹಾಕಿದರೆ ಅದೇ ಉತ್ತರ ಬರುತ್ತದೆ. 11111101ರಲ್ಲಿ ಸೊನ್ನೆ ಇರುವುದು 2ರ ಸ್ಥಾನದಲ್ಲಿ ಮಾತ್ರ. 2ಕ್ಕೆ 1 ಸೇರಿ 3, ಚಿಹ್ನೆ ಹಾಕಿದರೆ -3. ನಮ್ಮ 10110100ರಲ್ಲಿ ಸೊನ್ನೆಗಳು 64, 8, 2, 1ರ ಸ್ಥಾನಗಳಲ್ಲಿವೆ. ಮೊತ್ತ 75, ಒಂದು ಸೇರಿ 76.

ಕೂಡಿ ಸೊನ್ನೆ ತರುವ ಪರೀಕ್ಷೆ, ಮತ್ತು ಅದರ ಕುರುಡು

ಪಠ್ಯಗಳಲ್ಲಿ ಹೆಚ್ಚಾಗಿ ಹೇಳುವ ಪರೀಕ್ಷೆ ಬೇರೆ. ಧನ ಸಂಖ್ಯೆಯ ಬೈನರಿ ರೂಪವನ್ನೂ ಬಂದ ಉತ್ತರವನ್ನೂ ಕೂಡಿಸಿದಾಗ ಎಂಟು ಬಿಟ್‌ಗಳೂ ಸೊನ್ನೆಯಾಗಿ, ಒಂದು ಕ್ಯಾರಿ ಎಡಕ್ಕೆ ಹೊರಬೀಳಬೇಕು. ಹೊರಬಿದ್ದ ಕ್ಯಾರಿಯನ್ನು ಬಿಟ್ಟುಬಿಡಬೇಕು.

```
  01001100
+ 10110100
----------
1 00000000
```

ತಿರುವಿಹಾಕುವುದರಲ್ಲಿ ಮತ್ತು ಒಂದನ್ನು ಕೂಡಿಸುವುದರಲ್ಲಿ ಆದ ಪ್ರತಿಯೊಂದು ತಪ್ಪನ್ನೂ ಇದು ಹಿಡಿಯುತ್ತದೆ. ಆದರೆ ಇದರ ಹಿಂದೆ ಅಡಗಿರುವ ಒಂದು ಷರತ್ತನ್ನು ಬಹಳ ಮಂದಿ ಗಮನಿಸುವುದಿಲ್ಲ: ಮೇಲಿನ ಸಾಲಿನಲ್ಲಿರುವ ಧನ ಸಂಖ್ಯೆಯ ರೂಪವೇ ತಪ್ಪಾಗಿದ್ದರೆ ಈ ಪರೀಕ್ಷೆಗೆ ಅದು ಗೊತ್ತೇ ಆಗುವುದಿಲ್ಲ.

ನಾನು ನೋಡಿದ ನೋಟ್‌ಪುಸ್ತಕವೊಂದರಲ್ಲಿ ಇದು ಸ್ಪಷ್ಟವಾಗಿ ಕಂಡಿತ್ತು. ವಿದ್ಯಾರ್ಥಿನಿ 76 ಅನ್ನು ಸರಿಯಾಗಿಯೇ ಭಾಗಿಸಿದ್ದಳು, ಶೇಷಗಳನ್ನೂ ಒಂದರ ಕೆಳಗೊಂದು ಅಂದವಾಗಿ ಬರೆದಿದ್ದಳು. ಆದರೆ ಅವುಗಳನ್ನು ಮೇಲಿನಿಂದ ಕೆಳಕ್ಕೆ ಓದಿ 0011001 ಎಂದು ಇಳಿಸಿಕೊಂಡಿದ್ದಳು. ಎಡಕ್ಕೆ ಒಂದು ಸೊನ್ನೆ ಸೇರಿಸಿದಾಗ ಅದು 00011001 ಆಯಿತು, ಅಂದರೆ 25. ಅಲ್ಲಿಂದ ಮುಂದಿನ ಹಂತಗಳೆಲ್ಲ ನಿರ್ದೋಷವಾಗಿದ್ದವು. ತಿರುವಿದಾಗ 11100110, ಒಂದು ಕೂಡಿಸಿದಾಗ 11100111. ಕೊನೆಗೆ ಅವಳು ಪರೀಕ್ಷೆಯನ್ನೂ ಮಾಡಿದ್ದಳು: 00011001 ಮತ್ತು 11100111 ಕೂಡಿ ಎಂಟು ಸೊನ್ನೆಗಳು ಬಂದಿದ್ದವು, ಪಕ್ಕದಲ್ಲಿ ಸರಿ ಗುರುತು ಬಿದ್ದಿತ್ತು. ಪರೀಕ್ಷೆ ಸುಳ್ಳು ಹೇಳಿರಲಿಲ್ಲ. 25 ಮತ್ತು -25 ಕೂಡಿದರೆ ಸೊನ್ನೆಯೇ. ಕೇಳಿದ್ದು -76 ಎಂಬುದನ್ನು ಮಾತ್ರ ಆ ಪರೀಕ್ಷೆ ಯಾರಿಂದಲೂ ಕೇಳಿ ತಿಳಿದಿರಲಿಲ್ಲ.

ಸ್ಥಾನಬೆಲೆಯ ಪರೀಕ್ಷೆಯನ್ನು ಅವಳ ಉತ್ತರಕ್ಕೆ ಹಚ್ಚಿದ್ದರೆ -128 + 64 + 32 + 4 + 2 + 1, ಅಂದರೆ -25 ಎಂದು ಒಂದೇ ಸಾಲಿನಲ್ಲಿ ಹೊರಬೀಳುತ್ತಿತ್ತು. ಬಾಲದ ಪರೀಕ್ಷೆಯೂ ಈ ಸಲ ಸಾಕಾಗುತ್ತಿತ್ತು, ಏಕೆಂದರೆ ನಾಲ್ಕರಿಂದ ಭಾಗವಾಗುವ ಸಂಖ್ಯೆಯ ಉತ್ತರ 11 ಎಂದು ಮುಗಿಯಬಾರದು. ಆದರೆ ಬಾಲವನ್ನೇ ನಂಬಿ ಕೂರುವಂತಿಲ್ಲ. ಸಂಖ್ಯೆ -77 ಆಗಿದ್ದರೆ 1001101 ಎಂಬುದು ತಿರುಗುಮುರುಗಾಗಿ 1011001, ಅಂದರೆ 89 ಆಗುತ್ತದೆ. 77 ಮತ್ತು 89 ಎರಡೂ ಬೆಸ ಸಂಖ್ಯೆಗಳಾದುದರಿಂದ ಎರಡರ ಬಾಲವೂ ಬರಿಯ 1, ಮತ್ತು ತಪ್ಪು ಸದ್ದಿಲ್ಲದೆ ದಾಟಿಹೋಗುತ್ತದೆ.

ಕೂಡಿ ನೋಡುವ ಪರೀಕ್ಷೆಯನ್ನೇ ಮಾಡುವ ಅಭ್ಯಾಸವಿರುವವರು ಅದಕ್ಕೆ ಮೊದಲು ಇನ್ನೊಂದು ಸಣ್ಣ ಕೆಲಸ ಸೇರಿಸಿಕೊಂಡರೆ ಕುರುಡು ನೀಗುತ್ತದೆ. 01001100ರಲ್ಲಿ 1 ಇರುವ ಸ್ಥಾನಗಳ ಬೆಲೆಗಳನ್ನು ಕೂಡಿ 64 + 8 + 4 = 76 ಎಂದು ಖಚಿತಪಡಿಸಿಕೊಂಡ ಮೇಲೆಯೇ ಸೊನ್ನೆಯ ಪರೀಕ್ಷೆಗೆ ಹೋಗಬೇಕು.

ಉತ್ತರವನ್ನು ಬೇರೆ ದಾರಿಯಿಂದ ಇನ್ನೊಮ್ಮೆ ಪಡೆಯುವುದು

ಪರೀಕ್ಷಿಸುವ ಬದಲು ಉತ್ತರವನ್ನೇ ಹೊಸದಾಗಿ ಪಡೆದು ಹೋಲಿಸಬೇಕೆಂದರೆ ಎರಡು ದಾರಿಗಳಿವೆ. 256ರಿಂದ 76 ಕಳೆದು 180 ಪಡೆದು, ಅದರಿಂದ ದೊಡ್ಡ ಬೆಲೆಗಳನ್ನು ಒಂದೊಂದಾಗಿ ತೆಗೆಯುವುದು ಮೊದಲನೆಯದು: 180ರಲ್ಲಿ 128 ಹೋಗಿ 52, ಅದರಲ್ಲಿ 64 ಇಲ್ಲ, 32 ಹೋಗಿ 20, 16 ಹೋಗಿ 4, ಕೊನೆಯದಾಗಿ 4. ಬಿಟ್‌ಗಳು 10110100. ಇಲ್ಲಿ ಶೇಷಗಳನ್ನು ಓದುವ ದಿಕ್ಕಿನ ಗೊಂದಲವೇ ಇಲ್ಲ.

ಎರಡನೆಯ ದಾರಿಯಲ್ಲಿ 76ರ ಬದಲು ಒಂದು ಕಡಿಮೆಯಾದ 75 ಅನ್ನು ಬೈನರಿಗೆ ತಂದು, ಕೇವಲ ತಿರುವಿಹಾಕಿ ನಿಲ್ಲಿಸಬೇಕು. 75 ಎಂದರೆ 64 + 8 + 2 + 1, ಅಂದರೆ 01001011, ತಿರುವಿದಾಗ 10110100. ಒಂದನ್ನು ಕೊನೆಗೆ ಕೂಡಿಸುವ ಬದಲು ಮೊದಲೇ ಕಳೆದಿರುವುದರಿಂದ ಬೈನರಿ ಕೂಡಿಕೆಯೂ ಕ್ಯಾರಿಯೂ ಇಲ್ಲಿ ಬರುವುದಿಲ್ಲ. ಕ್ಯಾರಿಯಲ್ಲಿ ಪದೇ ಪದೇ ಎಡವುವವರಿಗೆ ಪರೀಕ್ಷೆಯಾಗಿ ಮಾತ್ರವಲ್ಲ, ಮೂಲ ಲೆಕ್ಕಕ್ಕೂ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಪರೀಕ್ಷೆಯಲ್ಲಿ ಹಂತಗಳಿಗೆ ಅಂಕಗಳಿದ್ದರೆ ಕೇಳಿದ ಹಂತಗಳನ್ನೇ ಬರೆಯುವುದು ವಿವೇಕ.

ತಪ್ಪಿದೆ ಎಂದು ತಿಳಿದ ಮೇಲೆ: ವ್ಯತ್ಯಾಸ ಏನು ಹೇಳುತ್ತದೆ

ಸ್ಥಾನಬೆಲೆಯ ಪರೀಕ್ಷೆಯಿಂದ -76 ಬರದೆ ಬೇರೊಂದು ಸಂಖ್ಯೆ ಬಂದರೆ ಇಡೀ ಲೆಕ್ಕವನ್ನು ಹೊಡೆದುಹಾಕಿ ಮತ್ತೆ ಮೊದಲಿನಿಂದ ಹೊರಡುವ ಅವಸರ ಬೇಡ. ಬಂದ ಸಂಖ್ಯೆ ಮತ್ತು ಬರಬೇಕಾಗಿದ್ದ ಸಂಖ್ಯೆಗಳ ವ್ಯತ್ಯಾಸವೇ ತಪ್ಪು ಎಲ್ಲಿದೆ ಎಂದು ಬಹುಪಾಲು ಹೇಳಿಬಿಡುತ್ತದೆ.

-77 ಬಂದಿದೆ ಎಂದುಕೊಳ್ಳಿ. ಒಂದರಷ್ಟು ಕೆಳಗೆ ಜಾರಿದೆ ಎಂದರೆ ತಿರುವಿಹಾಕಿ ಅಲ್ಲಿಗೇ ನಿಂತುಬಿಟ್ಟಿದ್ದೀರಿ, ಒಂದನ್ನು ಕೂಡಿಸಿಲ್ಲ. ಒಂದರ ಪೂರಕವನ್ನು ಎರಡರ ಪೂರಕವೆಂದು ಬರೆದುಬಿಡುವ ಈ ತಪ್ಪು ಅವಸರದಲ್ಲಿ ಎಲ್ಲರಿಂದಲೂ ಆಗುವಂಥದ್ದು.

-78 ಅಥವಾ -80 ಬಂದಿದ್ದರೆ ಒಂದನ್ನು ಕೂಡಿಸಿದ್ದೀರಿ, ಆದರೆ ಕ್ಯಾರಿ ದಾರಿಯಲ್ಲಿ ಕಳೆದುಹೋಗಿರುವ ಸಂಭವ ಹೆಚ್ಚು. 10110011ಕ್ಕೆ ಒಂದು ಕೂಡಿಸುವಾಗ ಬಲತುದಿಯಲ್ಲಿ 1ಕ್ಕೆ 1 ಸೇರಿ 0 ಬರೆದು, ಕೈಯಲ್ಲುಳಿದ ಒಂದನ್ನು ಮರೆತರೆ 10110010 ಉಳಿಯುತ್ತದೆ, ಅದರ ಬೆಲೆ -78. ಒಂದು ಮನೆ ಮುಂದಕ್ಕೆ ಒಯ್ದು ಅಲ್ಲಿ ಮರೆತರೆ 10110000, ಬೆಲೆ -80. ಕ್ಯಾರಿಯನ್ನು ಕಳೆದುಕೊಂಡ ಜಾಗವೇ ವ್ಯತ್ಯಾಸವಾಗಿ ಕಾಣಿಸುತ್ತದೆ: ಮೊದಲನೆಯದರಲ್ಲಿ 2, ಎರಡನೆಯದರಲ್ಲಿ 4, ಕ್ಯಾರಿ ಹೋಗಿ ಸೇರಬೇಕಾಗಿದ್ದ ಸ್ಥಾನದ ಬೆಲೆಗಳೇ ಅವು.

ಒಂದು ಬಿಟ್ ಮಾತ್ರ ತಿರುವಿಹಾಕದೆ ಉಳಿದಿದ್ದರೂ ವ್ಯತ್ಯಾಸ ಅದೇ ರೀತಿ ಎರಡರ ಘಾತವಾಗಿ ಬರುತ್ತದೆ. 64ರ ಸ್ಥಾನದ 1ನ್ನು ಹಾಗೆಯೇ ಇಳಿಸಿ 11110100 ಎಂದು ಬರೆದರೆ ಬೆಲೆ -12, ವ್ಯತ್ಯಾಸ ಸರಿಯಾಗಿ 64. ನೇರವಾಗಿ ಆ ಸ್ಥಾನಕ್ಕೆ ಹೋಗಿ ತಿದ್ದಿದರೆ ಕೆಲಸ ಮುಗಿಯಿತು.

ಇವೆಲ್ಲಕ್ಕಿಂತ ಹೆಚ್ಚು ಸಲ ಎದುರಾಗುವುದು 52 ಎಂಬ ಅಂಕಿ, ಮತ್ತು ಅದು ಎರಡು ವೇಷಗಳಲ್ಲಿ ಬರುತ್ತದೆ. ಏಳು ಅಂಕಿಗಳ 1001100 ಅನ್ನು ಎಂಟು ಬಿಟ್ ಮಾಡಿಕೊಳ್ಳದೆ ತಿರುವಿ, ಒಂದು ಕೂಡಿಸಿ 0110100 ಪಡೆದು, ಆಮೇಲೆ ನೆನಪಾಗಿ ಎಡಕ್ಕೆ ಸೊನ್ನೆ ಸೇರಿಸಿದರೆ 00110100 ಆಗುತ್ತದೆ, ಬೆಲೆ +52. ಸೊನ್ನೆಯನ್ನು ಮೊದಲೇ ಸೇರಿಸಿದ್ದರೆ ಅದೂ ತಿರುವಿಕೊಂಡು 1 ಆಗುತ್ತಿತ್ತು. ತಿರುವಿದ ಮೇಲೆ ಸೇರಿಸಿದ್ದರಿಂದ ಸೊನ್ನೆಯಾಗಿಯೇ ಉಳಿಯಿತು. ಇನ್ನೊಂದು ವೇಷದಲ್ಲಿ ತಿರುವಿಹಾಕುವ ಕೆಲಸವೇ ಇರುವುದಿಲ್ಲ: 01001100ರ ಎಡತುದಿಯ ಸೊನ್ನೆಯನ್ನು ಮಾತ್ರ 1 ಮಾಡಿ 11001100 ಎಂದು ಬರೆದಿರುತ್ತಾರೆ, ಎಡತುದಿಯ ಬಿಟ್ ಚಿಹ್ನೆಯನ್ನು ಸೂಚಿಸುತ್ತದೆ ಎಂಬ ಪಾಠವನ್ನು ಅಕ್ಷರಶಃ ತೆಗೆದುಕೊಂಡು. ಅದು ಚಿಹ್ನೆ ಮತ್ತು ಪರಿಮಾಣಗಳನ್ನು ಬೇರೆ ಬೇರೆ ಇಡುವ ಇನ್ನೊಂದು ಪದ್ಧತಿ. ಎರಡರ ಪೂರಕವಾಗಿ ಓದಿದರೆ ಅದರ ಬೆಲೆ -128 + 64 + 8 + 4, ಅಂದರೆ -52. ಎರಡೂ ಕಡೆ 52 ಬಂದುದು ಆಕಸ್ಮಿಕವಲ್ಲ, 128ರಿಂದ 76 ಕಳೆದರೆ ಉಳಿಯುವುದೇ 52. ಆದ್ದರಿಂದ ಉತ್ತರ ತಪ್ಪಿದಾಗ 128ರಿಂದ ಮೂಲ ಸಂಖ್ಯೆಯ ಪರಿಮಾಣವನ್ನು ಕಳೆದು ನೋಡಬೇಕು. ಬಂದ ಅಂಕಿ ಅದೇ ಆಗಿದ್ದು ಧನವಾಗಿದ್ದರೆ ಎಡಬದಿಯ ಸೊನ್ನೆಯನ್ನು ತಡವಾಗಿ ಸೇರಿಸಿದ್ದೀರಿ, ಋಣವಾಗಿದ್ದರೆ ಪದ್ಧತಿಯನ್ನೇ ಬದಲಿಸಿಬಿಟ್ಟಿದ್ದೀರಿ.

ವ್ಯತ್ಯಾಸ ಎರಡರ ಘಾತವೂ ಅಲ್ಲ, ಬಂದ ಅಂಕಿ 52ರ ಜಾತಿಯದೂ ಅಲ್ಲ ಎಂದಾದರೆ ತಪ್ಪು ಹೆಚ್ಚಾಗಿ ಭಾಗಾಕಾರದ ಹಂತದಲ್ಲಿರುತ್ತದೆ. ನೋಟ್‌ಪುಸ್ತಕದ ಉದಾಹರಣೆಯಲ್ಲಿ -25 ಬಂದಿತ್ತು, ವ್ಯತ್ಯಾಸ 51. ಆಗ ತಿರುವಿದ ಸಾಲನ್ನು ನೋಡುತ್ತಾ ಕಾಲ ಕಳೆಯದೆ ಧನ ಸಂಖ್ಯೆಯ ಸಾಲಿಗೇ ಹಿಂತಿರುಗಬೇಕು.

ಮಿತಿಯ ಅಂಚು ಮತ್ತು ಅಂಚಿನಾಚೆ

-128 ಒಂದು ವಿಚಿತ್ರ ಸಂಖ್ಯೆ. 128ರ ಬೈನರಿ ರೂಪ 10000000, ತಿರುವಿದರೆ 01111111, ಒಂದು ಕೂಡಿಸಿದರೆ ಮತ್ತೆ 10000000. ಹೊರಟಲ್ಲಿಗೇ ಬಂದು ನಿಂತಿದ್ದನ್ನು ಕಂಡು ಹಲವರು ಎಲ್ಲೋ ತಪ್ಪಿದೆ ಎಂದು ಲೆಕ್ಕವನ್ನು ಅಳಿಸುತ್ತಾರೆ, ಆದರೆ ಉತ್ತರ ಸರಿಯಾಗಿದೆ. ಸ್ಥಾನಬೆಲೆಯಿಂದ ನೋಡಿದರೆ ಇರುವುದು -128 ಒಂದೇ. ಗಮನಿಸಬೇಕಾದುದು ಇಷ್ಟು: ಮೊದಲ ಸಾಲಿನ 10000000 ಅನ್ನು ಧನ 128 ಎಂದು ಎಂಟು ಬಿಟ್‌ಗಳಲ್ಲಿ ಓದಲು ಸಾಧ್ಯವಿಲ್ಲ, ಅದು ಲೆಕ್ಕದ ನಡುವಣ ಒಂದು ಹಂತ ಮಾತ್ರ.

ಅಂಚನ್ನು ದಾಟಿದ -150 ಅನ್ನು ತೆಗೆದುಕೊಂಡರೆ 150ರ ರೂಪ 10010110, ತಿರುವಿ ಒಂದು ಕೂಡಿಸಿದಾಗ 01101010. ಎಡತುದಿ 0 ಆಗಿದೆ, ಬೆಲೆ 106. ಎಡತುದಿಯ ಪರೀಕ್ಷೆಯೇ ಇಲ್ಲಿ ತಡೆಯುತ್ತದೆ. ಆದರೆ -300 ಅನ್ನು ಕೊಟ್ಟರೆ? 300ಕ್ಕೆ ಒಂಬತ್ತು ಬಿಟ್ ಬೇಕು, 100101100. ತಿರುವಿ ಒಂದು ಕೂಡಿಸಿದಾಗ 011010100. ಎಂಟೇ ಬಿಟ್ ಬೇಕೆಂದು ಎಡತುದಿಯನ್ನು ಕತ್ತರಿಸಿದರೆ 11010100. ಎಡತುದಿ 1, ಬಾಲವೂ 300ರ ಬಾಲದಂತೆಯೇ 100. ನೋಟದ ಎರಡೂ ಪರೀಕ್ಷೆಗಳಲ್ಲಿ ಇದು ಉತ್ತೀರ್ಣವಾಗುತ್ತದೆ, ಆದರೆ ಬೆಲೆ -44. ಮಿತಿಯನ್ನು ದಶಮಾನದಲ್ಲಿಯೇ ಮೊದಲು ನೋಡಿಕೊಳ್ಳಬೇಕು ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿ.

ಯಂತ್ರದ ಸಾಕ್ಷ್ಯ ಪಡೆಯುವಾಗ

ಕೈಯಲ್ಲಿ ಪರೀಕ್ಷಿಸಿದ ಮೇಲೆ ಕಂಪ್ಯೂಟರಿನಲ್ಲಿಯೂ ನೋಡಬೇಕೆನಿಸಿದರೆ, ಏನು ಕೇಳುತ್ತಿದ್ದೇವೆ ಎಂಬ ಎಚ್ಚರವಿರಬೇಕು. ಪೈಥಾನ್‌ನಲ್ಲಿ `bin(-76)` ಎಂದು ಕೇಳಿದರೆ `'-0b1001100'` ಎಂದು ಬರುತ್ತದೆ. ಅದು 76ರ ಬೈನರಿಯ ಮುಂದೆ ಹಾಕಿದ ಋಣ ಚಿಹ್ನೆಯೇ ಹೊರತು ಎರಡರ ಪೂರಕವಲ್ಲ. ಕೈಲೆಕ್ಕ ಸರಿಯಿದ್ದವರು ಇದನ್ನು ಕಂಡು ಗಾಬರಿಯಾಗಿ ಸರಿಯಾದುದನ್ನೇ ತಿದ್ದಿಬಿಡುವುದುಂಟು. ಬೇಕಾದುದನ್ನು ಹೀಗೆ ಕೇಳಬೇಕು:

```
format(-76 & 0xFF, '08b')
(-76).to_bytes(1, 'big', signed=True).hex()
int('10110100', 2) - 256
```

ಮೊದಲ ಸಾಲು `'10110100'` ಎಂದೂ, ಎರಡನೆಯದು `'b4'` ಎಂದೂ, ಮೂರನೆಯದು `-76` ಎಂದೂ ಉತ್ತರಿಸುತ್ತವೆ. ಮೊದಲ ಎರಡರ ನಡುವೆ ಒಂದು ಮುಖ್ಯ ಭೇದವಿದೆ. -76ರ ಜಾಗದಲ್ಲಿ -150 ಹಾಕಿದರೆ ಮೊದಲ ಸಾಲು ಏನೂ ಹೇಳದೆ `'01101010'` ಎಂದು ಕೊಟ್ಟುಬಿಡುತ್ತದೆ, ಎರಡನೆಯದು `OverflowError` ಎಂದು ತಡೆಯುತ್ತದೆ. ಮಿತಿಯನ್ನೂ ಯಂತ್ರವೇ ಕಾಯಲಿ ಎನ್ನುವವರಿಗೆ ಎರಡನೆಯದು ತಕ್ಕದ್ದು. ಮೂರನೆಯ ಸಾಲನ್ನು ಎಡತುದಿ 1 ಇರುವ ಉತ್ತರಗಳಿಗೆ ಮಾತ್ರ ಬಳಸಬೇಕು.

ವಿಂಡೋಸ್ ಕ್ಯಾಲ್ಕ್ಯುಲೇಟರಿನಲ್ಲಿ ಪ್ರೋಗ್ರಾಮರ್ ವಿಧಾನಕ್ಕೆ ಹೋಗಿ, `QWORD` ಎಂದಿರುವ ಗುಂಡಿಯನ್ನು `BYTE` ಎಂದಾಗುವವರೆಗೆ ಒತ್ತಿ, ಅನಂತರ `BIN` ಆರಿಸಿ 10110100 ಎಂದು ನಮೂದಿಸಿದರೆ `DEC` ಸಾಲಿನಲ್ಲಿ -76 ಕಾಣುತ್ತದೆ. `QWORD` ಇದ್ದಂತೆಯೇ ನಮೂದಿಸಿದರೆ 180 ಕಾಣುತ್ತದೆ, ಏಕೆಂದರೆ ಅರವತ್ತನಾಲ್ಕು ಬಿಟ್‌ಗಳ ಅಗಲದಲ್ಲಿ ನಮ್ಮ ಎಡತುದಿಯ 1 ಎಡತುದಿಯಲ್ಲಿ ಇರುವುದೇ ಇಲ್ಲ.

ಎಕ್ಸೆಲ್ ಬಳಸುವವರು `=DEC2BIN(-76)` ಎಂದು ಬರೆದರೆ 1110110100 ಎಂಬ ಹತ್ತು ಅಂಕಿಗಳು ಬರುತ್ತವೆ. ಎಂಟು ಅಂಕಿ ಬೇಕೆಂದು `=DEC2BIN(-76,8)` ಎಂದು ಕೇಳಿದರೂ ಹತ್ತೇ ಬರುತ್ತವೆ. ಋಣ ಸಂಖ್ಯೆಗಳಿಗೆ ಆ ಎರಡನೆಯ ಅಂಕಿಯನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಡಗಡೆಯ ಎರಡು ಅಂಕಿಗಳನ್ನು ಬಿಟ್ಟು ಓದಬೇಕು, ಆದರೆ ಬಿಡುವ ಮೊದಲು ಅವೆರಡೂ ಮೂರನೆಯ ಅಂಕಿಯೂ 1 ಆಗಿವೆಯೇ ಎಂದು ನೋಡಬೇಕು. -76ಕ್ಕೆ ಮೊದಲ ಮೂರು ಅಂಕಿಗಳು 111; -150ಕ್ಕೆ ಬರುವ 1101101010ರಲ್ಲಿ 110. ಮೂರನೆಯದು ಸೊನ್ನೆಯಾದರೆ ಆ ಸಂಖ್ಯೆ ಎಂಟು ಬಿಟ್‌ಗಳಲ್ಲಿ ಹಿಡಿಸುವುದಿಲ್ಲ.